ಚೀಟಿಯಲ್ಲಿ ಬಂದ ಪ್ರಶ್ನೆ: ಯೋಜನಾ ಮಂಡನೆಯ ನಂತರ ಮಕ್ಕಳು ಮಕ್ಕಳಿಗೆ ಕೇಳಿದ್ದು

ನಮ್ಮ ಪ್ರೌಢಶಾಲೆಗಳಲ್ಲಿ ಯೋಜನಾ ಕಾರ್ಯದ ಮಂಡನೆ ಹೆಚ್ಚಾಗಿ ಒಂದೇ ರೀತಿ ಮುಗಿಯುತ್ತದೆ. ತಂಡದವರು ಚಾರ್ಟ್ ಹಿಡಿದು ನಿಲ್ಲುತ್ತಾರೆ, ಒಬ್ಬರು ಓದುತ್ತಾರೆ, ತರಗತಿ ಚಪ್ಪಾಳೆ ತಟ್ಟುತ್ತದೆ. ಆಮೇಲೆ ಶಿಕ್ಷಕರು "ಯಾರಿಗಾದರೂ ಪ್ರಶ್ನೆ ಇದೆಯಾ?" ಎನ್ನುತ್ತಾರೆ. ಸದಾ ಕೈ ಎತ್ತುವ ಇಬ್ಬರು ಏನೋ ಕೇಳುತ್ತಾರೆ, ಇಲ್ಲವೇ ಯಾರೂ ಕೇಳುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನದ ವಹಿಯಲ್ಲಿ ಮಂಡಿಸಿದ ತಂಡಕ್ಕೆ ಅಂಕ ಬೀಳುತ್ತದೆ. ಕೂತು ಕೇಳಿದ ಉಳಿದ ಮಕ್ಕಳು ಆ ಹೊತ್ತಿನಲ್ಲಿ ಏನು ಕಲಿತರು ಎಂಬುದಕ್ಕೆ ನಮ್ಮ ಕೈಯಲ್ಲಿ ಒಂದು ಸಾಲಿನ ಪುರಾವೆಯೂ ಉಳಿಯುವುದಿಲ್ಲ.

ಈ ಸಲದ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನನ್ನ ಮೇಲ್ವಿಚಾರಣೆಗೆ ಮೂರು ಶಾಲೆಗಳು ಬಂದವು. ಒಂದು ವಿಜಯಪುರ ನಗರದ್ದು, ಒಂದು ತಿಕೋಟಾದ್ದು, ಇನ್ನೊಂದು ಬಬಲೇಶ್ವರದ್ದು. ಮೂರರಲ್ಲೂ ಒಂಬತ್ತನೆಯ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಗಳು ಒಂದೇ ವಿಧಾನ ಅನುಸರಿಸಿದರು. ಒಂದು ತಂಡ ಮಂಡಿಸಿದ ಮೇಲೆ ಉಳಿದ ತಂಡಗಳು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡಬೇಕು, ಮಂಡಿಸಿದ ತಂಡ ಅವಕ್ಕೆ ಉತ್ತರ ಹುಡುಕಬೇಕು. ಮಕ್ಕಳಿಂದ ಪ್ರಶ್ನೆ ಬರೆಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಬಂದ ಪ್ರಶ್ನೆಗಳಲ್ಲಿ ಯಾವುದು ಒಳ್ಳೆಯದು ಎಂದು ತೀರ್ಮಾನಿಸುವಾಗ ಮಾತ್ರ ಎಲ್ಲರೂ ತಡವರಿಸಿದರು. ಆ ತೀರ್ಮಾನದ ವಿಷಯವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಚೀಟಿ ಓಡಾಡುವ ರೀತಿ

ತರಗತಿಯನ್ನು ಆರು ತಂಡ ಮಾಡಿದ್ದೆವು. ನಲವತ್ತು ನಿಮಿಷದ ಅವಧಿಯಲ್ಲಿ ಎರಡು ಮಂಡನೆ ಮಾತ್ರ. ಒಂದು ಮಂಡನೆಗೆ ಎಂಟು ನಿಮಿಷ. ಅದು ಮುಗಿದ ಕೂಡಲೇ ಮೂರು ನಿಮಿಷ ಪೂರ್ತಿ ಮೌನ. ಈ ಮೂರು ನಿಮಿಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ನೋಟ್‌ಬುಕ್ಕಿನಲ್ಲಿ ಕನಿಷ್ಠ ಒಂದು ಪ್ರಶ್ನೆ ಬರೆಯಬೇಕು. ಆಮೇಲೆ ಐದು ನಿಮಿಷ ತಂಡದವರು ಎಲ್ಲರ ಪ್ರಶ್ನೆಗಳನ್ನೂ ಓದಿ, ಎರಡನ್ನು ಆರಿಸಿ ಚೀಟಿಗೆ ಇಳಿಸಬೇಕು. ಚೀಟಿಯ ಹಿಂದೆ ತಂಡದ ಹೆಸರು ಮಾತ್ರ, ಬರೆದವರ ಹೆಸರಿಲ್ಲ.

ಆ ಮೂರು ನಿಮಿಷದ ಮೌನವನ್ನು ಯಾರೂ ಕಡಿಮೆ ಮಾಡಬಾರದು. ಮೊದಲೇ ಚರ್ಚೆಗೆ ಬಿಟ್ಟರೆ ತಂಡದಲ್ಲಿ ಬೇಗ ಮಾತಾಡುವ ಒಬ್ಬರ ಪ್ರಶ್ನೆಯೇ ಎಲ್ಲರ ಪ್ರಶ್ನೆಯಾಗುತ್ತದೆ. ಮೌನದಲ್ಲಿ ಬರೆಸಿದರೆ ಆರು ಮಕ್ಕಳಿಂದ ಆರು ಪ್ರಶ್ನೆ ಬರುತ್ತವೆ. ಅವುಗಳಲ್ಲಿ ಎರಡನ್ನು ಆರಿಸುವಾಗ ಮಕ್ಕಳು ತಾವೇ ಪ್ರಶ್ನೆಯ ಬೆಲೆ ಕಟ್ಟತೊಡಗುತ್ತಾರೆ. "ಇದು ಅವರು ಹೇಳೇ ಬಿಟ್ಟಾರಲ್ಲೋ" ಎಂಬ ಮಾತು ತಂಡದೊಳಗಿನಿಂದಲೇ ಕೇಳಿಬರುತ್ತದೆ.

ಹೀಗೆ ಒಂದು ಮಂಡನೆಗೆ ಉಳಿದ ಐದು ತಂಡಗಳಿಂದ ಹತ್ತು ಚೀಟಿ ಸೇರುತ್ತವೆ. ಉತ್ತರ ಅದೇ ದಿನ ಕೊಡಿಸಲಿಲ್ಲ. ನಿಂತ ಕಾಲಲ್ಲಿ ಕೇಳಿದರೆ ಮಕ್ಕಳು ಉತ್ತರ ಹೇಳುವುದಿಲ್ಲ, ತಮ್ಮ ತಂಡವನ್ನು ಕಾಯ್ದುಕೊಳ್ಳುತ್ತಾರೆ. ಚೀಟಿ ಪಡೆದ ತಂಡ ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು, ಪ್ರತಿ ಚೀಟಿಯ ಕೆಳಗೆ ಒಂದು ಸಾಲು ಬರೆಯಬೇಕು. ಉತ್ತರ ನಮ್ಮ ಬಳಿ ಇದೆಯೋ, ಹುಡುಕಬೇಕೋ, ನಮ್ಮಿಂದ ಆಗದೋ ಎಂದು. ಹುಡುಕಬೇಕು ಎಂದಾದರೆ ಏನು ಮಾಡುತ್ತೀರಿ ಎಂದೂ ಬರೆಯಬೇಕು. ಒಂದು ವಾರದ ನಂತರ ಇನ್ನೊಂದು ಅವಧಿಯಲ್ಲಿ ನಾಲ್ಕೈದು ಪ್ರಶ್ನೆಗಳಿಗೆ ತರಗತಿಯ ಎದುರು ಉತ್ತರ ಕೊಡಬೇಕು. ಆರು ತಂಡಗಳ ಮಂಡನೆಗೆ ಮೂರು ಅವಧಿ, ಉತ್ತರಕ್ಕೆ ಮೂರು ಅವಧಿ, ಒಟ್ಟು ಆರು ಅವಧಿ ಬೇಕು. ಹಾಗಾಗಿ ಸೆಮಿಸ್ಟರಿಗೆ ಒಂದು ಸಲಕ್ಕಿಂತ ಹೆಚ್ಚು ಇದನ್ನು ಯೋಜಿಸುವುದು ಕಷ್ಟ.

ವಿಜಯಪುರದ ಶಾಲೆಯಲ್ಲಿ ಒಂದು ತಂಡ ಗೋಳಗುಮ್ಮಟದ ಪ್ರತಿಧ್ವನಿಯನ್ನು ಆರಿಸಿಕೊಂಡಿತ್ತು. ವಿಜ್ಞಾನ ಪುಸ್ತಕದ ಶಬ್ದದ ಪಾಠಕ್ಕೆ ಅದನ್ನು ಜೋಡಿಸಿದ್ದರು. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಮೂಲ ಶಬ್ದಕ್ಕೂ ಅದಕ್ಕೂ ಕನಿಷ್ಠ 0.1 ಸೆಕೆಂಡ್ ಅಂತರ ಇರಬೇಕು, ಶಬ್ದದ ವೇಗ ಸೆಕೆಂಡಿಗೆ 344 ಮೀಟರ್, ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಎಂದು ಚಾರ್ಟಿನಲ್ಲಿತ್ತು. ಬಂದ ಚೀಟಿಗಳಲ್ಲಿ ಹೆಚ್ಚಿನವು ಗುಮ್ಮಟ ಕಟ್ಟಿಸಿದವರು ಯಾರು, ಎಷ್ಟು ಸಲ ಕೇಳುತ್ತದೆ ಎಂಬಂಥವು. ಒಂದು ಚೀಟಿಯಲ್ಲಿ ಮಾತ್ರ ಹೀಗಿತ್ತು: "ಎದುರು ಗ್ವಾಡಿಗೆ ಹೋಗಿ ಬರಾಕ 76 ಮೀಟರ್. ಅಂದ್ರ 0.22 ಸೆಕೆಂಡಿಗೆ ದನಿ ತಿರುಗಿ ಬರ್ತದ. 'ವಿಜಯಪುರ' ಅಂತ ಒದರಾಕ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಂಗಾದ್ರ ಒದರೂದು ಮುಗಿಯೂದ್ರಾಗ ದನಿ ತಿರುಗಿ ಬಂದು ಎರಡೂ ಕೂಡಿ ಹೋಗಬೇಕಲ್ಲ?"

ಮಂಡಿಸಿದ ತಂಡ ಮತ್ತೊಮ್ಮೆ ಗುಮ್ಮಟಕ್ಕೆ ಹೋಯಿತು. ಚಪ್ಪಾಳೆಯ ಸದ್ದು ಬಿಡಿ ಬಿಡಿಯಾಗಿ ಮರಳಿತು, ಉದ್ದ ಪದ ಒಂದರ ಮೇಲೊಂದು ಬಿದ್ದು ಕಲಸಿಹೋಯಿತು. ಉದ್ದ ಪದದ ಕೊನೆಯ ಅಕ್ಷರ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ ಎಂದು ಬರೆದುಕೊಂಡು ಬಂದರು. ಈ ಒಂದು ಚೀಟಿಯಿಂದಾಗಿ 0.1 ಸೆಕೆಂಡ್ ಎಂಬ ಅಂಕಿ ಅವರಿಗೆ ಪುಸ್ತಕದ ಹೊರಗೆ ಸಿಕ್ಕಿತು.

ಬ್ಲೂಮ್‌ನ ಮೆಟ್ಟಿಲು ಸಾಲದ ಜಾಗ

ಚೀಟಿಗಳನ್ನು ತೂಗಲು ಕೂತಾಗ ಪ್ರಶಿಕ್ಷಣಾರ್ಥಿಗಳ ಕೈ ಮೊದಲು ಹೋದದ್ದು ತಾವು ಪರೀಕ್ಷೆಗೆ ಓದಿದ ಕಡೆಗೆ. 1956ರ ಬ್ಲೂಮ್ ವರ್ಗೀಕರಣ ಮತ್ತು 2001ರಲ್ಲಿ ಆಂಡರ್ಸನ್, ಕ್ರಾಥ್‌ವಾಲ್ ಪರಿಷ್ಕರಿಸಿದ ಅದರ ರೂಪ ಎಲ್ಲರಿಗೂ ಬಾಯಿಪಾಠವಿತ್ತು. "ಏನು, ಯಾರು, ಎಲ್ಲಿ" ಎಂದು ಆರಂಭವಾಗುವ ಪ್ರಶ್ನೆ ಸ್ಮರಣೆಯ ಮಟ್ಟ, "ಏಕೆ, ಹೇಗೆ" ಎಂದರೆ ಅದಕ್ಕಿಂತ ಮೇಲೆ, "ವಿಶ್ಲೇಷಿಸಿ" ಎಂದರೆ ಇನ್ನೂ ಮೇಲೆ ಎಂದು ಗೆರೆ ಹಾಕಿ ಅಂಕ ಕೊಡತೊಡಗಿದರು.

ಶಿಕ್ಷಕರು ತಾವೇ ಪ್ರಶ್ನೆಪತ್ರಿಕೆ ತಯಾರಿಸಿ ನೀಲನಕ್ಷೆ ಹಾಕುವಾಗ ಈ ವರ್ಗೀಕರಣ ಕೆಲಸಕ್ಕೆ ಬರುತ್ತದೆ. ಏನು ಕಲಿಸಲಾಗಿದೆ ಎಂಬುದು ಪತ್ರಿಕೆ ತೆಗೆಯುವವರಿಗೆ ಗೊತ್ತಿರುತ್ತದೆ. ಪ್ರಶ್ನೆಯ ಮಟ್ಟವನ್ನು ಆ ಕಲಿಕೆಗೆ ಹೋಲಿಸಿ ಅವರು ನಿರ್ಧರಿಸುತ್ತಾರೆ. ಚೀಟಿಯ ಮೇಲೆ ಮಗು ಬರೆದ ಪ್ರಶ್ನೆಗೆ ಈ ಗೆರೆ ಹೊಂದುವುದಿಲ್ಲ. "ಏಕೆ" ಎಂದು ಕೇಳಿದ್ದಕ್ಕೆ ಉತ್ತರ ಚಾರ್ಟಿನಲ್ಲೇ ಬರೆದಿದ್ದರೆ ಅದು ನೆನಪಿನ ಪ್ರಶ್ನೆಯೇ. "ಎಷ್ಟು" ಎಂದು ಕೇಳಿದ್ದು ಕೆಲವೊಮ್ಮೆ ಇಡೀ ಮಂಡನೆಯನ್ನು ಅಲುಗಿಸುತ್ತದೆ. ಮೊದಲ ಪದ ನೋಡಿ ಪ್ರಶ್ನೆಯ ಬೆಲೆ ಕಟ್ಟಿದರೆ ಎರಡೂ ಕಡೆ ತಪ್ಪುತ್ತೇವೆ.

ಕೆನಡಾದ ಮರ್ಲಿನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್ ಮಕ್ಕಳ ಪ್ರಶ್ನೆಗಳ ಬಗ್ಗೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ ಒಂದು ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಕೆಲವು ಪ್ರಶ್ನೆಗಳು ಪಠ್ಯವನ್ನು ನೋಡಿಕೊಂಡು ಹುಟ್ಟುತ್ತವೆ. ಇನ್ನು ಕೆಲವು ಮಗುವಿಗೆ ಮೊದಲೇ ಗೊತ್ತಿರುವುದಕ್ಕೂ ಈಗ ತಿಳಿಯಬೇಕೆನಿಸುವುದಕ್ಕೂ ನಡುವೆ ಹುಟ್ಟುತ್ತವೆ. ಮೊದಲ ಬಗೆಯ ಪ್ರಶ್ನೆಗೆ ಉತ್ತರ ಕೇಳುವವರಿಗೇ ಗೊತ್ತಿರಬಹುದು. ಎರಡನೆಯ ಬಗೆಯ ಪ್ರಶ್ನೆ ಕೇಳುವವರಿಗೆ ಉತ್ತರ ನಿಜವಾಗಿಯೂ ಬೇಕಾಗಿರುತ್ತದೆ. ಚೀಟಿಯಲ್ಲಿ ನಾವು ಹುಡುಕಬೇಕಾದದ್ದು ಈ ಎರಡನೆಯದನ್ನು. ಅದು ಎದುರಿಗಿದ್ದಾಗ ಗುರುತಿಸುವುದು ಹೇಗೆ ಎಂಬುದಕ್ಕೆ ತಿಕೋಟಾದ ಚೀಟಿಗಳನ್ನೇ ತೆಗೆದುಕೊಳ್ಳೋಣ.

ಆಸರೆ, ಕೊರತೆ, ದಾರಿ

ತಿಕೋಟಾ ದ್ರಾಕ್ಷಿಯ ನಾಡು. ಅಲ್ಲಿಯ ಮಕ್ಕಳಿಗೆ ಒಣದ್ರಾಕ್ಷಿಯ ಶೆಡ್ಡು ದಿನಾ ಕಾಣುವ ವಸ್ತು. ಒಂದು ತಂಡ ಅದನ್ನೇ ಮಂಡಿಸಿತು. ಅವರು ಹೇಳಿದ್ದರ ಸಾರ ಇಷ್ಟು. ಹಣ್ಣಾದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಹೊರಬರಲಿ ಎಂದು. ಆಮೇಲೆ ಶೆಡ್ಡಿನ ನೆರಳಿನಲ್ಲಿ ಬಲೆಯ ಅಟ್ಟಗಳ ಮೇಲೆ ಹರವುತ್ತಾರೆ. ಸುಮಾರು ಹದಿನೈದು ದಿನಕ್ಕೆ ಒಣಗುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ.

ಬಂದ ಚೀಟಿಗಳಲ್ಲಿ ಆರು ಇಲ್ಲಿವೆ.

ಒಂದು: ಒಣದ್ರಾಕ್ಷಿ ಎಂದರೇನು?
ಎರಡು: ದ್ರಾಕ್ಷಿಯನ್ನು ದ್ರಾವಣದಲ್ಲಿ ಏಕೆ ಅದ್ದುತ್ತಾರೆ?
ಮೂರು: ಒಣದ್ರಾಕ್ಷಿ ಉದ್ಯಮದ ಸವಾಲುಗಳನ್ನು ವಿಶ್ಲೇಷಿಸಿ.
ನಾಲ್ಕು: ನೆರಳಾಗ ಒಣಗಸ್ತಾರ ಅಂದ್ರಿ. ನಮ್ಮ ಮನ್ಯಾಗ ಹಪ್ಪಳ ಬಿಸಲಾಗ ಹಾಕ್ತೀವಿ, ಲಗೂ ಒಣಗ್ತಾವ. ದ್ರಾಕ್ಷಿಗೆ ಯಾಕ ನೆರಳು?
ಐದು: ಹಣ್ಣು ಪೂರಾ ಸೀ ಆಗೂಕಿಂತ ಮದಲ ಕೊಯ್ದ್ರ ನಾಕ ಕಿಲೋಕ ಒಂದ ಕಿಲೋನ ಬರ್ತದೇನು?
ಆರು: ನಿಮ್ಮಪ್ಪಗ ಹೋದ ವರ್ಷ ಎಷ್ಟು ಲಾಭ ಆತು?

ಪ್ರಶಿಕ್ಷಣಾರ್ಥಿಯೊಬ್ಬರು ಮೊದಲು ಹಾಕಿದ ಅಂಕಗಳಲ್ಲಿ ಮೂರನೆಯ ಚೀಟಿಗೆ ಎಲ್ಲಕ್ಕಿಂತ ಹೆಚ್ಚು, ಎರಡನೆಯದಕ್ಕೆ ಅದರ ನಂತರದ ಸ್ಥಾನ. ಐದನೆಯದು ತಳದಲ್ಲಿತ್ತು. ಕಾರಣ ಕೇಳಿದೆ. "ಮೇಡಂ, ಅದು ಹೌದು-ಇಲ್ಲ ಉತ್ತರದ ಪ್ರಶ್ನೆ, ಭಾಷೆಯೂ ಗ್ರಾಂಥಿಕವಾಗಿಲ್ಲ" ಎಂದರು. ಅದನ್ನು ಬರೆದವಳು ಹಿಂದಿನ ಸಾಲಿನ ಹುಡುಗಿ. ಅವಳ ತಾಯಿ ಹಂಗಾಮಿನಲ್ಲಿ ಶೆಡ್ಡಿನ ಕೆಲಸಕ್ಕೆ ಹೋಗುತ್ತಾರೆ. ಆ ಅಂಕ ಹಾಗೇ ವಹಿಗೆ ಹೋಗಿದ್ದರೆ, ಶೆಡ್ಡಿನ ಬಗ್ಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವಳಿಗೆ ಎಲ್ಲರಿಗಿಂತ ಕಡಿಮೆ ಬೀಳುತ್ತಿತ್ತು.

ಆ ಸಂಜೆ ನಾವೆಲ್ಲ ಕೂತು, ಪ್ರಶ್ನೆಯ ಮೊದಲ ಪದವನ್ನು ಬಿಟ್ಟು ಮೂರು ಸಂಗತಿ ನೋಡುವುದೆಂದು ಒಪ್ಪಿಕೊಂಡೆವು. ಅವಕ್ಕೆ ಆಸರೆ, ಕೊರತೆ, ದಾರಿ ಎಂದು ಹೆಸರಿಟ್ಟೆವು. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ.

ಆಸರೆ ಎಂದರೆ ಪ್ರಶ್ನೆ ಮಂಡನೆಯ ಯಾವ ಮಾತನ್ನು ಹಿಡಿದುಕೊಂಡಿದೆ ಎಂಬುದು. ಒಂದು ನಿರ್ದಿಷ್ಟ ವಾಕ್ಯ, ಅಂಕಿ ಅಥವಾ ಚಿತ್ರವನ್ನು ಹಿಡಿದಿದ್ದರೆ ಎರಡು. ವಿಷಯದ ಒಂದು ಭಾಗವನ್ನು ಸುಮ್ಮನೆ ತಟ್ಟಿದ್ದರೆ ಒಂದು. ಮಂಡನೆ ಕೇಳದೆ, ಶೀರ್ಷಿಕೆ ನೋಡಿಯೇ ಬರೆಯಬಹುದಾಗಿದ್ದರೆ ಸೊನ್ನೆ. ಇದನ್ನು ಪರೀಕ್ಷಿಸಲು ಆ ದಿನ ಗೈರಾಗಿದ್ದ ಮಗುವನ್ನು ನೆನೆದರೆ ಸಾಕು. ಅವನೂ ಈ ಪ್ರಶ್ನೆ ಬರೆಯಬಹುದಿತ್ತೇ?

ಕೊರತೆ ಎಂದರೆ ಮಂಡನೆಯಲ್ಲಿ ಇಲ್ಲದ್ದನ್ನು ಪ್ರಶ್ನೆ ತೋರಿಸುತ್ತಿದೆಯೇ ಎಂಬುದು. ಉತ್ತರ ಆಗಲೇ ಹೇಳಿಯಾಗಿದ್ದರೆ ಸೊನ್ನೆ. ಹೇಳದ ಇನ್ನೊಂದು ಮಾಹಿತಿಯನ್ನು ಕೇಳಿದರೆ ಒಂದು. ಹೇಳಿದ ಮಾತಿಗೂ ಕೇಳುವವರ ಅನುಭವಕ್ಕೂ, ಅಥವಾ ಹೇಳಿದ ಎರಡು ಮಾತುಗಳ ನಡುವೆಯೇ ಹೊಂದಿಕೆಯಾಗದ್ದನ್ನು ಎತ್ತಿ ತೋರಿಸಿದರೆ ಎರಡು.

ದಾರಿ ಎಂದರೆ ಈ ಮಕ್ಕಳು ಒಂದು ವಾರದಲ್ಲಿ ಉತ್ತರದ ಕಡೆಗೆ ಹೆಜ್ಜೆ ಇಡಬಹುದೇ ಎಂಬುದು. ಅಳೆದು, ಲೆಕ್ಕ ಹಾಕಿ, ಹೋಲಿಸಿ ನೋಡಬಹುದಾದರೆ ಎರಡು. ಯಾರನ್ನಾದರೂ ಕೇಳಿ ತಿಳಿಯಬಹುದು, ಅಷ್ಟೇ, ಎಂದರೆ ಒಂದು. ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯದಿದ್ದರೆ ಸೊನ್ನೆ. ಕೊರತೆಗೆ ಸೊನ್ನೆ ಬಿದ್ದ ಚೀಟಿಯಲ್ಲಿ ದಾರಿಯನ್ನು ನೋಡುವ ಅಗತ್ಯವಿಲ್ಲ, ಅಲ್ಲಿ ಹುಡುಕಲು ಏನೂ ಉಳಿದಿಲ್ಲ.

ಈಗ ಅದೇ ಚೀಟಿಗಳನ್ನು ಮತ್ತೆ ತೂಗಿದೆವು. ಮೊದಲನೆಯದನ್ನು ಗೈರಾದ ಮಗುವೂ ಬರೆಯಬಹುದು, ಉತ್ತರವೂ ಹೇಳಿಯಾಗಿದೆ, ಆದ್ದರಿಂದ ಸೊನ್ನೆ. ಎರಡನೆಯದು ಅದ್ದುವ ಮಾತನ್ನು ಹಿಡಿದಿದೆ, ಆಸರೆಗೆ ಎರಡು. ಉತ್ತರ ಮಂಡನೆಯಲ್ಲಿ ಸ್ಪಷ್ಟವಾಗಿ ಇತ್ತು, ಮುಂದೆ ಸೊನ್ನೆ. ಮೂರನೆಯದು ಪ್ರಶ್ನೆಪತ್ರಿಕೆಯ ಸಾಲು. ಆಸರೆ ಇಲ್ಲ, ದಾರಿ ಇಲ್ಲ, ಹೇಳದ್ದನ್ನು ಕೇಳಿದ್ದಕ್ಕೆ ಒಂದು. ನಾಲ್ಕನೆಯದು "ನೆರಳು" ಎಂಬ ಮಾತನ್ನು ಹಿಡಿದು ಮನೆಯ ಹಪ್ಪಳದ ಎದುರು ನಿಲ್ಲಿಸಿದೆ. ಒಂದೇ ಗೊಂಚಲಿನ ಹಣ್ಣನ್ನು ಎರಡು ತಟ್ಟೆಗೆ ಹಾಕಿ, ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಇಟ್ಟು ನೋಡಬಹುದು. ಪೂರ್ತಿ ಆರು. ತಂಡ ಹಾಗೇ ಮಾಡಿತು. ಬಿಸಿಲಿನ ತಟ್ಟೆ ಬೇಗ ಸುಕ್ಕಾಯಿತು, ಬಣ್ಣ ಕಂದಿತು. ಬಣ್ಣ ತಿಳಿ ಇದ್ದರೆ ಹೆಚ್ಚು ದರ ಸಿಗುತ್ತದೆ ಎಂದು ಶೆಡ್ಡಿನವರಿಂದ ತಿಳಿದುಬಂದರು.

ಐದನೆಯ ಚೀಟಿ "ನಾಲ್ಕಕ್ಕೆ ಒಂದು" ಎಂಬ ಅಂಕಿಯನ್ನೇ ಹಿಡಿದಿದೆ. ಮಂಡಿಸಿದವರು ಅದನ್ನು ಎಂದೂ ಬದಲಾಗದ ಲೆಕ್ಕ ಎಂಬಂತೆ ಹೇಳಿದ್ದರು. ಆ ಹುಡುಗಿ ಅದು ಹಣ್ಣಿನ ಸಿಹಿಯ ಮೇಲೆ ನಿಂತಿದೆಯೇ ಎಂದು ಕೇಳಿದಳು. ಲೆಕ್ಕ ಹಾಕಿ ನೋಡಿ. ಹಣ್ಣಿನಲ್ಲಿ ನೀರು ಬಿಟ್ಟರೆ ಉಳಿಯುವುದು ಹೆಚ್ಚಾಗಿ ಸಕ್ಕರೆ. ಬೆಳೆಗಾರರು ಬ್ರಿಕ್ಸ್ ಮೀಟರಿನಲ್ಲಿ ನೋಡುವುದು ಇದನ್ನೇ. ಮೀಟರು 22 ತೋರಿಸಿದರೆ ನಾಲ್ಕು ಕಿಲೋ ಹಣ್ಣಿನಲ್ಲಿ ಸುಮಾರು 880 ಗ್ರಾಂ ಗಟ್ಟಿ ಅಂಶ ಇರುತ್ತದೆ. ಒಣಗಿದ ಮೇಲೂ ನೂರಕ್ಕೆ ಹದಿನೈದರಷ್ಟು ನೀರು ಉಳಿಯುತ್ತದೆ ಎಂದು ಹಿಡಿದರೆ ಒಣದ್ರಾಕ್ಷಿಯ ತೂಕ ಒಂದು ಕಿಲೋಕ್ಕಿಂತ ತುಸು ಹೆಚ್ಚು. ಅದೇ ಮೀಟರು 16 ತೋರಿಸಿದರೆ ಗಟ್ಟಿ ಅಂಶ 640 ಗ್ರಾಂ, ಒಣದ್ರಾಕ್ಷಿ ಸುಮಾರು 750 ಗ್ರಾಂ. ಆಗ ಒಂದು ಕಿಲೋ ಒಣದ್ರಾಕ್ಷಿಗೆ ಐದು ಕಿಲೋಕ್ಕಿಂತ ಹೆಚ್ಚು ಹಸಿ ಹಣ್ಣು ಬೇಕು. ಒಂಬತ್ತನೆಯ ತರಗತಿಯ ಗಣಿತಕ್ಕೆ ಇದು ಭಾರವಲ್ಲ. ಆಸರೆ ಎರಡು, ಕೊರತೆ ಎರಡು, ದಾರಿ ಎರಡು. ತಂಡದವರು ಈ ಲೆಕ್ಕವನ್ನು ಫಲಕದ ಮೇಲೆ ಬಿಡಿಸಿ, ತಮ್ಮ ಚಾರ್ಟಿನ "ನಾಲ್ಕು ಕಿಲೋಗೆ ಒಂದು" ಎಂಬ ಸಾಲಿನ ಮುಂದೆ "ಹಣ್ಣು ಪೂರ್ತಿ ಮಾಗಿದ್ದರೆ" ಎಂದು ಸೇರಿಸಿದರು.

ಆರನೆಯ ಚೀಟಿಗೆ ಅಂಕ ಹಾಕಲಿಲ್ಲ. ಒಬ್ಬರ ಮನೆಯ ಆದಾಯ, ಸಾಲ, ಜಾತಿ, ಕಾಯಿಲೆ ಕೇಳುವ ಚೀಟಿಯನ್ನು ಓದದೆ ವಾಪಸು ಕೊಟ್ಟು, ಯಾರ ಮನೆಯ ಮಾತೂ ಬಾರದ ಹಾಗೆ ತಿರುಗಿ ಬರೆಯಲು ಹೇಳುವುದು ಎಂದು ಮೊದಲೇ ತರಗತಿಗೆ ತಿಳಿಸಿರಬೇಕು. ಆ ತಂಡ ಅದನ್ನು "ಹಸಿ ಮಾರೂದು ಲಾಭೋ, ಒಣಗಿಸಿ ಮಾರೂದು ಲಾಭೋ?" ಎಂದು ತಿದ್ದಿ ಕೊಟ್ಟಿತು. ಮೊದಲ ಸಲಕ್ಕಿಂತ ಇದೇ ಒಳ್ಳೆಯ ಪ್ರಶ್ನೆ.

ಇಬ್ಬರ ಅಂಕ ಹೊಂದದಾಗ

ಒಂದು ಮಂಡನೆಯ ಹತ್ತು ಚೀಟಿಗಳನ್ನು ಇಬ್ಬರು ಪ್ರಶಿಕ್ಷಣಾರ್ಥಿಗಳು ಬೇರೆ ಬೇರೆ ಕೂತು ತೂಗಿ, ಆಮೇಲೆ ಹೋಲಿಸಿ ನೋಡುವುದು ನಾವು ಮಾಡಿಕೊಂಡ ರೂಢಿ. ಆಸರೆಯಲ್ಲಿ ಇಬ್ಬರ ಅಂಕ ಬಹುಮಟ್ಟಿಗೆ ಹೊಂದುತ್ತಿತ್ತು, ಏಕೆಂದರೆ ಚಾರ್ಟ್ ಎದುರಿಗೇ ಇರುತ್ತದೆ. ಕೊರತೆಯಲ್ಲಿ ಹೊಂದದಿದ್ದರೆ ಇಬ್ಬರಲ್ಲಿ ಒಬ್ಬರು ಮಂಡನೆಯನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ ಎಂದು ತಿಳಿಯುತ್ತಿತ್ತು. ಹೀಗಾಗಿ ಮಂಡನೆಯ ಮುಖ್ಯ ಮಾತುಗಳನ್ನು ಒಬ್ಬರು ಬರೆದಿಟ್ಟುಕೊಳ್ಳುವುದು ಕಡ್ಡಾಯವಾಯಿತು.

ಹೆಚ್ಚು ವ್ಯತ್ಯಾಸ ಬಂದದ್ದು ದಾರಿಯಲ್ಲಿ. ಕಾರಣ ಸರಳ. ಬ್ರಿಕ್ಸ್ ಮೀಟರು ಎಂಬುದೊಂದಿದೆ ಎಂದು ತಿಳಿಯದವರಿಗೆ ಐದನೆಯ ಚೀಟಿಗೆ ದಾರಿ ಕಾಣುವುದಿಲ್ಲ. ಪ್ರಶ್ನೆಯ ಗುಣ ಅಳೆಯಲು ವಿಷಯಜ್ಞಾನ ಬೇಕು, ಅದು ಯಾವ ಅಂಕಪಟ್ಟಿಯಿಂದಲೂ ಬರುವುದಿಲ್ಲ. ಇದಕ್ಕೆ ನಾವು ಕಂಡ ಪರಿಹಾರವೆಂದರೆ ದಾರಿಯ ಅಂಕವನ್ನು ಚೀಟಿ ಬಂದ ದಿನ ಹಾಕದಿರುವುದು. ಪಡೆದ ತಂಡ ಚೀಟಿಯ ಕೆಳಗೆ ಬರೆದ ಸಾಲನ್ನು ನೋಡಿ, ಅವರು ವಾರದಲ್ಲಿ ಏನು ಮಾಡಿ ಬಂದರು ಎಂದು ನೋಡಿ, ಆಮೇಲೆ ಹಾಕುವುದು. ಎಷ್ಟೋ ಸಲ ನಮಗೆ ಕಾಣದ ದಾರಿ ಮಕ್ಕಳಿಗೆ ಕಂಡಿತ್ತು.

ಅಂಕದ ವಿಷಯದಲ್ಲಿ ಇನ್ನೊಂದು ಎಚ್ಚರ. ಮೊದಲ ಸುತ್ತಿನಲ್ಲಿ ಆರು ಅಂಕ ಪಡೆದ ಚೀಟಿಗಳನ್ನು ಗೋಡೆಗೆ ಅಂಟಿಸಿದ ಮೇಲೆ, ಎರಡನೆಯ ಸುತ್ತಿನಲ್ಲಿ ಎಲ್ಲ ತಂಡಗಳೂ "ನೀವು ಹೀಂಗ ಅಂದ್ರಿ, ನಮ್ಮ ಮನ್ಯಾಗ ಹಾಂಗ" ಎಂಬ ಅಚ್ಚಿನಲ್ಲೇ ಬರೆಯತೊಡಗಿದವು. ಅಚ್ಚು ಇತ್ತು, ಒಳಗೆ ಕೊರತೆ ಇರಲಿಲ್ಲ. ಇದನ್ನು ಗುರುತಿಸಲು ಬರೆದ ತಂಡವನ್ನೇ ಕೇಳಬೇಕು: "ಇದಕ್ಕೆ ಉತ್ತರ ಏನಿರಬಹುದು ಅಂತ ನಿಮಗ ಅನಸ್ತದ?" ನಿಜವಾಗಿ ತಿಳಿಯಬೇಕೆಂದವರು ಒಂದು ಊಹೆ ಹೇಳುತ್ತಾರೆ, ಅದರ ಬಗ್ಗೆ ಅನುಮಾನವನ್ನೂ ಹೇಳುತ್ತಾರೆ. ಅಚ್ಚು ತುಂಬಿದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಬಬಲೇಶ್ವರದ ಚೀಟಿ

ಪ್ರಶ್ನೆ ಚೆನ್ನಾಗಿದ್ದಷ್ಟೂ ಪಡೆದವರಿಗೆ ಚುಚ್ಚುವುದುಂಟು. ಇದನ್ನು ಬಬಲೇಶ್ವರದಲ್ಲಿ ಕಂಡೆವು. ಕೃಷ್ಣಾ ನದಿಯಿಂದ ನೀರೆತ್ತಿ ಕೆರೆ ತುಂಬಿಸುವ ಕೆಲಸ ಆ ಭಾಗದ ಬದುಕಿನ ದೊಡ್ಡ ಮಾತು, ತುಬಚಿ-ಬಬಲೇಶ್ವರ ಏತ ನೀರಾವರಿಯ ಹೆಸರು ಪ್ರತಿ ಮನೆಯಲ್ಲೂ ಕೇಳುತ್ತದೆ. ಒಂದು ತಂಡ ತಮ್ಮೂರ ಕೆರೆಯ ಬಗ್ಗೆ ಮಂಡಿಸಿ, ಕೆರೆ ತುಂಬಿಸಿದ್ದರಿಂದ ಸುತ್ತಲಿನ ಬಾವಿಗಳಲ್ಲಿ ನೀರು ಏರಿತು ಎಂದು ಹೇಳಿತು. ಬೇರೆ ಊರಿನಿಂದ ಬರುವ ಮಕ್ಕಳಿದ್ದ ತಂಡದಿಂದ ಚೀಟಿ ಬಂತು: "ಆ ವರ್ಷ ಮಳಿನೂ ಚೊಲೊ ಆಗಿತ್ತು. ಬಾವ್ಯಾಗ ನೀರು ಬಂದಿದ್ದು ಕೆರಿಯಿಂದ ಅಂತ ಹೆಂಗ ಹೇಳ್ತೀರಿ?"

ಮಂಡಿಸಿದ ತಂಡದ ಹುಡುಗನೊಬ್ಬ ಚೀಟಿಯನ್ನು ಮಡಚಿ ಎಸೆದ. "ನಮ್ಮೂರಿಗೆ ನೀರು ಬಂದದ್ದು ಇವರಿಗೆ ಹೊಟ್ಟಿಕಿಚ್ಚ ಟೀಚರ್" ಎಂದ. ಕೇಳಿದ ಊರಿನವರಿಗೆ ಇನ್ನೂ ನೀರು ಮುಟ್ಟಿರಲಿಲ್ಲ, ಆದ್ದರಿಂದ ಅವನ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಎನ್ನುವಂತೆಯೂ ಇರಲಿಲ್ಲ. ಆ ಚೀಟಿಯನ್ನು ಬದಿಗಿಟ್ಟರೆ ಒಳ್ಳೆಯದೇ ಎಂಬ ಮಾತು ನಮ್ಮೊಳಗೂ ಬಂತು. ತರಗತಿಯಲ್ಲಿದ್ದ ಪ್ರಶಿಕ್ಷಣಾರ್ಥಿ ಅದನ್ನು ಎತ್ತಿಕೊಂಡು ನೆಟ್ಟಗೆ ಮಾಡಿ, "ಯಾರು ಬರೆದರೆಂಬುದನ್ನು ಬಿಡೋಣಪ್ಪ. ಇದನ್ನು ನಿನ್ನ ತಮ್ಮ ಕೇಳಿದ್ದರೆ ಏನು ತೋರಿಸಿ ಹೇಳ್ತಿದ್ದಿ?" ಎಂದು ಕೇಳಿದರು. ಬಹಳ ಹೊತ್ತು ಸುಮ್ಮನಿದ್ದು ಅವನು, ಕೆರೆಯಿಂದ ದೂರ ಇರುವ ಬಾವಿಯನ್ನೂ ನೋಡಬೇಕಾಗುತ್ತದೆ ಎಂದ. ಮಳೆ ಎರಡೂ ಬಾವಿಗೆ ಒಂದೇ, ಕೆರೆ ಒಂದಕ್ಕೆ ಮಾತ್ರ ಹತ್ತಿರ.

ಹೋಲಿಕೆಯ ಈ ಉಪಾಯವನ್ನು ನಾವು ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ನಿಯಂತ್ರಿತ ಗುಂಪು ಎಂಬ ಹೆಸರಿನಲ್ಲಿ ಓದುತ್ತೇವೆ. ಅವರು ದೊಡ್ಡವರನ್ನು ಜೊತೆಗೆ ಕರೆದುಕೊಂಡು, ಹಗ್ಗಕ್ಕೆ ಕಲ್ಲು ಕಟ್ಟಿ, ಕೆರೆಯ ಹತ್ತಿರದ ಒಂದು ಬಾವಿಯನ್ನೂ ದೂರದ ಒಂದು ಬಾವಿಯನ್ನೂ ಅಳೆದರು. ಹತ್ತಿರದ ಬಾವಿಯ ನೀರು ಮೇಲಿತ್ತು. ಆದರೆ ಕೆರೆ ತುಂಬಿಸುವ ಮೊದಲಿನ ಅಳತೆ ಯಾರ ಬಳಿಯೂ ಇರಲಿಲ್ಲ, ಎರಡು ಬಾವಿಗಳ ಆಳ, ನೆಲದ ಮಟ್ಟ, ಪಂಪು ಓಡಿಸುವ ಹೊತ್ತು ಬೇರೆ ಬೇರೆ. ಅವರು ತರಗತಿಗೆ ಬಂದು ಇಷ್ಟನ್ನೂ ಹೇಳಿದರು. ಚಾರ್ಟಿನಲ್ಲಿ "ಕೆರೆ ತುಂಬಿಸಿದ್ದರಿಂದ ಬಾವಿಗಳಲ್ಲಿ ನೀರು ಏರಿತು" ಎಂದಿದ್ದ ಸಾಲನ್ನು "ಕೆರೆ ತುಂಬಿಸಿದ ಮೇಲೆ ಬಾವಿಗಳಲ್ಲಿ ನೀರು ಏರಿತು, ಮಳೆಯ ಪಾಲು ಎಷ್ಟೆಂದು ನೋಡಬೇಕು" ಎಂದು ತಿದ್ದಿದರು. ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. "ಆದ್ದರಿಂದ" ಮತ್ತು "ಆದ ಮೇಲೆ" ಎಂಬೆರಡರ ನಡುವಿನ ಅಂತರ ನಲವತ್ತು ಮಕ್ಕಳಿಗೆ ಸಿಕ್ಕಿತು.

ಹಾಗಾಗಿ ಅಂಕಪಟ್ಟಿಯ ಜೊತೆಗೆ ಇನ್ನೊಂದು ಅಂಕಣ ಇಟ್ಟೆವು. ಅದಕ್ಕೆ ಅಂಕವಿಲ್ಲ. ಈ ಪ್ರಶ್ನೆಯಿಂದ ಚಾರ್ಟಿನಲ್ಲಿ ಏನು ಬದಲಾಯಿತು ಎಂದು ಮಂಡಿಸಿದ ತಂಡವೇ ಒಂದು ಸಾಲು ಬರೆಯುತ್ತದೆ. ಹೆಚ್ಚಿನ ಚೀಟಿಗಳ ಮುಂದೆ ಅದು ಖಾಲಿ ಇರುತ್ತದೆ. ಒಂದು ಮಂಡನೆಗೆ ಒಂದೆರಡು ಚೀಟಿಗಳಿಂದ ಬದಲಾವಣೆ ಬಂದರೂ ಆ ಆರು ಅವಧಿಗಳಿಗೆ ಲೆಕ್ಕ ಸಿಕ್ಕಂತೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಇದನ್ನು ಪಾಠಯೋಜನೆಗೆ ಸೇರಿಸುವುದಾದರೆ ಮೂರು ಮಾತು ಗಮನದಲ್ಲಿಡಿ. ಅಂಕ ತಂಡದ ಚೀಟಿಗೆ ಇರಲಿ. ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿರುವ ಪ್ರಶ್ನೆಯನ್ನು ಓದಿ ಸಹಿ ಮಾಡಿ, ಅಂಕ ಬೇಡ. ತಂಡ ಆರಿಸದೆ ಬಿಟ್ಟ ಪ್ರಶ್ನೆಗಳಲ್ಲಿ ಕೆಲವೊಮ್ಮೆ ಆರಿಸಿದ್ದಕ್ಕಿಂತ ಒಳ್ಳೆಯವು ಸಿಗುತ್ತವೆ, ಅವನ್ನು ನೀವೇ ಚೀಟಿಗೆ ಬರೆದು ಹಾಕಿ. ಭಾಷೆಯನ್ನು ತಿದ್ದುವ ಕೆಲಸ ಕನ್ನಡದ ಅವಧಿಗೆ ಬಿಡಿ. ಚೀಟಿಯ ಮೇಲೆ ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಪ್ರಶ್ನೆ ಬರಲಿ. ಮತ್ತು ಚೀಟಿಗಳನ್ನು ತೂಗಲು ಕೂರುವ ಮೊದಲು ಮಂಡನೆಯ ವಿಷಯವನ್ನು ಮಕ್ಕಳಿಗಿಂತ ಒಂದು ಹೆಜ್ಜೆ ಹೆಚ್ಚು ಓದಿಕೊಂಡು ಬನ್ನಿ. ತಿಕೋಟಾದಲ್ಲಿದ್ದರೆ ಶೆಡ್ಡಿಗೆ, ಬಬಲೇಶ್ವರದಲ್ಲಿದ್ದರೆ ಕೆರೆಯ ಏರಿಗೆ ಒಂದು ಸಂಜೆ ಹೋಗಿ ಬಂದರೂ ಸಾಕು.